ಅಧಿಕೃತ ಬಂಡವಾಳ ಏರಿಸುವ ಮುನ್ನ ಷೇರು ಎಣಿಸಿ

ಚಿಕ್ಕಮಗಳೂರಿನಲ್ಲಿ ಕಾಫಿ ಹುರಿದು ಪುಡಿ ಮಾರುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಅಂದುಕೊಳ್ಳಿ. ಹೊಸ ರೋಸ್ಟರ್ ಬೇಕು. ಪರಿಚಯದವರೊಬ್ಬರು 40 ಲಕ್ಷ ರೂಪಾಯಿ ಹಾಕಲು ಸಿದ್ಧ. ಆದರೆ ಅಧಿಕೃತ ಬಂಡವಾಳ 10 ಲಕ್ಷ ಮಾತ್ರ. ಅದನ್ನು 50 ಲಕ್ಷಕ್ಕೆ ಏರಿಸಬೇಕಾ? ಬೇಕಿಲ್ಲ. ಯಾಕೆ ಅಂತ ನೋಡೋಣ.

ಕಂಪನಿಯ ಸ್ಥಾಪನಾ ದಾಖಲೆಯಾದ ಮೆಮೊರಾಂಡಮ್ ತೆರೆದರೆ ಬಂಡವಾಳದ ಕಲಂ ಸಿಗುತ್ತದೆ: 10 ರೂಪಾಯಿ ಮುಖಬೆಲೆಯ 1,00,000 ಷೇರು, ಒಟ್ಟು 10 ಲಕ್ಷ. ಇದು ಅಧಿಕೃತ ಬಂಡವಾಳ, ಅಂದರೆ ಷೇರು ಕೊಡಲು ಇರುವ ಮಿತಿ. ಈ ದುಡ್ಡು ಬ್ಯಾಂಕಿನಲ್ಲಿ ಇರಬೇಕಿಲ್ಲ. ಕಂಪನಿ ಈವರೆಗೆ 80,000 ಷೇರು ಕೊಟ್ಟಿದೆ. ಆ 8 ಲಕ್ಷವೇ ನೀಡಿದ ಬಂಡವಾಳ. ಷೇರುದಾರರು ಷೇರಿಗೆ 8 ರೂಪಾಯಿ ಕಟ್ಟಿದ್ದಾರೆ, 2 ರೂಪಾಯಿ ಬಾಕಿ. ಹಾಗಾಗಿ ಪಾವತಿಯಾದ ಬಂಡವಾಳ 6.4 ಲಕ್ಷ.

ಹೊಸಬರಿಗೆ ಷೇರಿನ ಬೆಲೆ 100 ರೂಪಾಯಿ ಎಂದು ನಿಗದಿಯಾಗಿದೆ. (ಈ ಬೆಲೆಗೆ ನೋಂದಾಯಿತ ಮೌಲ್ಯಮಾಪಕರ ವರದಿ ಬೇಕು.) 40 ಲಕ್ಷಕ್ಕೆ 40,000 ಷೇರು. ಮಿತಿಗೆ ಲೆಕ್ಕವಾಗುವುದು ಮುಖಬೆಲೆಯ 4 ಲಕ್ಷ ಮಾತ್ರ. ಉಳಿದ 36 ಲಕ್ಷ ಪ್ರೀಮಿಯಂ ಖಾತೆಗೆ ಹೋಗುತ್ತದೆ. ಖಾಲಿ ಇರುವ ಜಾಗ 2 ಲಕ್ಷ, ಬೇಕಿರುವುದು 4 ಲಕ್ಷ. ಮುಂದಕ್ಕೂ ಸ್ವಲ್ಪ ಇರಲಿ ಎಂದು 15 ಲಕ್ಷಕ್ಕೆ ಏರಿಸಿದರೆ ಸಾಕು. ಏರಿಸಿದಷ್ಟಕ್ಕೂ ಸರ್ಕಾರಿ ಶುಲ್ಕ ಮತ್ತು ಸ್ಟಾಂಪ್ ಡ್ಯೂಟಿ ಬೀಳುತ್ತದೆ. ಸುಮ್ನೆ 50 ಲಕ್ಷಕ್ಕೆ ಏರಿಸಿದರೆ ಆ ಖರ್ಚು ವಾಪಸ್ ಬರುವುದಿಲ್ಲ.

ಮೊದಲು ಆರ್ಟಿಕಲ್ಸ್, ಅಂದರೆ ಕಂಪನಿಯ ಆಂತರಿಕ ನಿಯಮಾವಳಿ ಓದಿ. ಬಂಡವಾಳ ಏರಿಸಲು ಅದರಲ್ಲಿ ಅವಕಾಶ ಇರಲೇಬೇಕು. ಇಲ್ಲದಿದ್ದರೆ ವಿಶೇಷ ನಿರ್ಣಯದಿಂದ, ಅಂದರೆ ಬಿದ್ದ ಮತಗಳಲ್ಲಿ ಕನಿಷ್ಠ ಮುಕ್ಕಾಲು ಭಾಗದ ಒಪ್ಪಿಗೆಯಿಂದ, ಆರ್ಟಿಕಲ್ಸ್ ತಿದ್ದಿ, ಆ ನಿರ್ಣಯವನ್ನು MGT-14 ಫಾರಂನಲ್ಲಿ ಕಂಪನಿಗಳ ರಿಜಿಸ್ಟ್ರಾರ್ ಕಚೇರಿಗೆ ಸಲ್ಲಿಸಬೇಕು. ತುಂಬಾ ಜನ ಮರೆಯುವ ಹೆಜ್ಜೆ ಇದು.

ಆಮೇಲೆ ಬೋರ್ಡ್ ಸಭೆ ಸೇರಿ ಏರಿಕೆಗೆ ಒಪ್ಪಿ, ಷೇರುದಾರರ ವಿಶೇಷ ಸಾಮಾನ್ಯ ಸಭೆ ಕರೆಯಬೇಕು. ಸಾಮಾನ್ಯವಾಗಿ 21 ಪೂರ್ಣ ದಿನಗಳ ನೋಟಿಸ್ ಬೇಕು. ನೋಟಿಸ್ ತಲುಪಿದ ದಿನ, ಸಭೆಯ ದಿನ ಎರಡನ್ನೂ ಎಣಿಸಬೇಡಿ. ಅಲ್ಲಿ ಸಾಮಾನ್ಯ ನಿರ್ಣಯ ಸಾಕು, ಅಂದರೆ ಬಹುಮತ. ನಿರ್ಣಯದಲ್ಲಿ ಮೆಮೊರಾಂಡಮ್‌ನ ಬಂಡವಾಳದ ಕಲಂ ಇನ್ನು ಮುಂದೆ 'ಹತ್ತು ರೂಪಾಯಿಯ 1,50,000 ಷೇರು' ಎಂದಾಗುತ್ತದೆ ಅಂತ ಸ್ಪಷ್ಟವಾಗಿ ಬರೆಯಿರಿ.

ನಿರ್ಣಯವಾದ 30 ದಿನದೊಳಗೆ ರಿಜಿಸ್ಟ್ರಾರ್‌ಗೆ SH-7 ಫಾರಂ, ತಿದ್ದಿದ ಮೆಮೊರಾಂಡಮ್ ಮತ್ತು ನಿರ್ಣಯದ ಪ್ರತಿ ಸಲ್ಲಿಸಿ, ಶುಲ್ಕ ಕಟ್ಟಿ. ತಡವಾದಷ್ಟೂ ಹೆಚ್ಚುವರಿ ಶುಲ್ಕ.

ಈ ಏರಿಕೆ ಮುಗಿಯುವವರೆಗೆ ಹೊಸಬರಿಂದ ದುಡ್ಡು ತೆಗೆದುಕೊಳ್ಳಬೇಡಿ. ಹೊರಗಿನವರಿಗೆ ಖಾಸಗಿಯಾಗಿ ಷೇರು ಕೊಡಲು ಬೇರೆಯೇ ವಿಶೇಷ ನಿರ್ಣಯ ಬೇಕು, ಅದನ್ನು ಇದೇ ಸಭೆಯಲ್ಲಿ ಮಾಡಬಹುದು. ದುಡ್ಡು ಬಂದ 60 ದಿನದೊಳಗೆ ಷೇರು ಹಂಚಬೇಕು, ಇಲ್ಲವಾದರೆ ಮುಂದಿನ 15 ದಿನದಲ್ಲಿ ಹಿಂತಿರುಗಿಸಬೇಕು. ಹಂಚಿದ 15 ದಿನದಲ್ಲಿ ಆ ಹಂಚಿಕೆಯ ವಿವರವನ್ನು PAS-3 ಫಾರಂನಲ್ಲಿ ಸಲ್ಲಿಸಿದ ಮೇಲೆಯೇ ಆ ಹಣ ರೋಸ್ಟರ್‌ಗೆ ಬಳಸಬಹುದು. ಆಗ ಕಂಪನಿಯ ಲೆಕ್ಕ ಹೀಗಿರುತ್ತದೆ: ಅಧಿಕೃತ 15 ಲಕ್ಷ, ನೀಡಿದ್ದು 12 ಲಕ್ಷ, ಪಾವತಿಯಾದದ್ದು 10.4 ಲಕ್ಷ.