ಶಿಸ್ತು ವಿಚಾರಣೆ: ಆರೋಪದಿಂದ ಆದೇಶದವರೆಗೆ

ನೌಕರನ ತಪ್ಪು ನಿಜವೇ ಇರಬಹುದು. ಆದರೂ ವಿಚಾರಣೆ ಸರಿಯಾಗಿ ನಡೆದಿರದಿದ್ದರೆ ವಜಾ ಆದೇಶ ಕೋರ್ಟಿನಲ್ಲಿ ಬಿದ್ದುಹೋಗಬಹುದು. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಗೋದಾಮಿನ ದಾಸ್ತಾನು ಎಣಿಸಿದಾಗ ರಿಜಿಸ್ಟರಿನಲ್ಲಿರುವುದಕ್ಕಿಂತ 18 ಮೋಟಾರು ಕಡಿಮೆ ಬಂದಿವೆ. ಹೊಣೆ ಗೋದಾಮು ಗುಮಾಸ್ತನದ್ದು.

ಮೊದಲು ದೋಷಾರೋಪ ಪಟ್ಟಿ. ‘ನೀವು ಅಪ್ರಾಮಾಣಿಕವಾಗಿ ನಡೆದುಕೊಂಡಿದ್ದೀರಿ’ ಎಂದು ಬರೆದರೆ ಅದಕ್ಕೆ ಯಾರೂ ಉತ್ತರ ಕೊಡಲಾರರು. ಯಾವ ದಿನ, ಯಾವ ಗೋದಾಮು, ರಿಜಿಸ್ಟರಿನ ಯಾವ ಪುಟದಲ್ಲಿ ಎಷ್ಟು, ಎಣಿಕೆಯಲ್ಲಿ ಎಷ್ಟು, ಸೇವಾ ನಿಯಮದ ಯಾವ ಕಲಂ ಮುರಿದಿದೆ, ಇಷ್ಟೂ ಇರಬೇಕು. ಸಾಕ್ಷಿಗಳ ಪಟ್ಟಿ, ದಾಖಲೆಗಳ ಪಟ್ಟಿ ಮತ್ತು ಆ ದಾಖಲೆಗಳ ಪ್ರತಿಗಳನ್ನೂ ಜೊತೆಗೇ ಕೊಡಿ. ‘ನಿಮ್ಮ ತಪ್ಪು ಸಾಬೀತಾಗಿದೆ, ಯಾಕೆ ವಜಾ ಮಾಡಬಾರದು?’ ಎಂದು ಬರೆಯಲೇಬೇಡಿ. ತೀರ್ಮಾನ ಮೊದಲೇ ಆಗಿತ್ತು ಅನ್ನುವುದಕ್ಕೆ ಅದೊಂದು ಸಾಲೇ ಸಾಕಾಗುತ್ತದೆ, ಅಲ್ವಾ? ಪಟ್ಟಿ ತಲುಪಿದ್ದಕ್ಕೆ ನೌಕರನ ಸಹಿ ಅಥವಾ ಅಂಚೆ ರಸೀದಿ ಕಡತದಲ್ಲಿರಲಿ.

ಉತ್ತರಕ್ಕೆ ನಿಯಮದಲ್ಲಿರುವಷ್ಟು ದಿನ ಕೊಡಿ. ಬಂದ ಉತ್ತರವನ್ನು ನಿಜವಾಗಿ ಓದಿ. ಅದು ಒಪ್ಪುವಂತಿಲ್ಲದಿದ್ದರೆ ವಿಚಾರಣಾಧಿಕಾರಿಯನ್ನು ನೇಮಿಸಿ. ದಾಸ್ತಾನು ಎಣಿಸಿದವರು, ದೂರು ಬರೆದವರು ಈ ಜಾಗಕ್ಕೆ ಬರಬಾರದು. ತಾನೇ ಸಾಕ್ಷಿಯಾಗಬೇಕಾದವನು ತೀರ್ಪು ಬರೆಯುವಂತಿಲ್ಲ. ಆಡಳಿತದ ಪರ ಸಾಕ್ಷ್ಯ ಮಂಡಿಸಲು ಬೇರೊಬ್ಬ ಮಂಡನಾಧಿಕಾರಿ ಇದ್ದರೆ ಒಳ್ಳೆಯದು. ವಿಚಾರಣಾಧಿಕಾರಿಯೇ ನೌಕರನ ಮೇಲೆ ಪ್ರಶ್ನೆಗಳ ಸುರಿಮಳೆ ಮಾಡಿದರೆ ಅವರು ಆಡಳಿತದ ವಕೀಲರಂತೆ ಕಾಣುತ್ತಾರೆ.

ಮೊದಲ ದಿನ ಆರೋಪವನ್ನು ನೌಕರನಿಗೆ ಗೊತ್ತಿರುವ ಭಾಷೆಯಲ್ಲಿ ಓದಿ ಹೇಳಿ. ಒಪ್ಪುತ್ತಾರೋ ಇಲ್ಲವೋ ಎಂದು ಕೇಳಿ, ಅವರ ಮಾತನ್ನು ಹಾಗೆಯೇ ಬರೆದುಕೊಳ್ಳಿ. ‘ಕಡಿಮೆ ಇರುವುದು ನಿಜ, ಆದರೆ ನಾನು ತೆಗೆದಿಲ್ಲ’ ಎಂದರೆ ಅದು ತಪ್ಪೊಪ್ಪಿಗೆ ಅಲ್ಲ. ಸಹಾಯಕ್ಕೆ ಸಹೋದ್ಯೋಗಿಯನ್ನು ಕರೆತರಲು ನಿಯಮದಲ್ಲಿ ಅವಕಾಶವಿದ್ದರೆ ಅದನ್ನೂ ಅವತ್ತೇ ತಿಳಿಸಿ.

ಸಾಕ್ಷ್ಯದ ಹಂತವೇ ಎಲ್ಲಕ್ಕಿಂತ ಮುಖ್ಯ, ಜಾಸ್ತಿ ಎಡವುವುದೂ ಇಲ್ಲೇ. ಆರೋಪ ಹೊರಿಸಿದ ಆಡಳಿತವೇ ಮೊದಲು ಸಾಕ್ಷ್ಯ ಕೊಡಬೇಕು. ಎಣಿಕೆ ವರದಿಯನ್ನು ಸುಮ್ನೆ ಕಡತಕ್ಕೆ ಸೇರಿಸಿದರೆ ಆಗದು. ಎಣಿಸಿದವರು ಬಂದು ‘ಇದು ನಾನು ಬರೆದದ್ದು, ಹೀಗೆ ಎಣಿಸಿದೆ’ ಎಂದು ಹೇಳಬೇಕು. ದಾಖಲೆ ಹಾಜರುಪಡಿಸಿದ ಮಾತ್ರಕ್ಕೆ ಅದರಲ್ಲಿರುವುದು ಸಾಬೀತಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ರೂಪ್ ಸಿಂಗ್ ನೇಗಿ ಪ್ರಕರಣದಲ್ಲಿ ಹೇಳಿದೆ. ಆಮೇಲೆ ಪಾಟೀಸವಾಲು. ನಮ್ಮ ಗುಮಾಸ್ತ ಕೇಳುತ್ತಾನೆ: ‘ಗೋದಾಮಿನ ಇನ್ನೊಂದು ಬೀಗದ ಕೈ ಯಾರ ಬಳಿ ಇತ್ತು?’ ಸಾಕ್ಷಿ ‘ಮೇಲ್ವಿಚಾರಕರ ಬಳಿ’ ಎನ್ನುತ್ತಾರೆ. ಈ ಒಂದು ಉತ್ತರ ಇಡೀ ಆರೋಪದ ದಿಕ್ಕನ್ನು ಬದಲಿಸಬಹುದು. ಆದ್ದರಿಂದ ಪ್ರಶ್ನೆಯನ್ನೂ ಉತ್ತರವನ್ನೂ ಆಡಿದ ಮಾತಿನಲ್ಲೇ ಬರೆಯಬೇಕು. ಯಾವುದಾದರೂ ಪ್ರಶ್ನೆ ಬೇಡವೆಂದರೆ ಆ ಪ್ರಶ್ನೆಯನ್ನೂ ಬೇಡವೆಂದ ಕಾರಣವನ್ನೂ ದಾಖಲಿಸಿ. ನಂತರ ನೌಕರನ ಸಾಕ್ಷಿಗಳಿಗೂ ಇದೇ ರೀತಿ ಅವಕಾಶ ಕೊಡಿ.

ಪ್ರತಿ ದಿನದ ನಡವಳಿಯಲ್ಲಿ ತಾರೀಖು, ಶುರುವಾದ ಮತ್ತು ಮುಗಿದ ಸಮಯ, ಹಾಜರಿದ್ದವರು, ಮುಂದಿನ ದಿನಾಂಕ ಇರಲಿ. ಪ್ರತಿ ಪುಟಕ್ಕೂ ಎಲ್ಲರ ಸಹಿ ಹಾಕಿಸಿ, ಅವತ್ತೇ ಪ್ರತಿ ಕೊಡಿ. ನೌಕರ ಸಹಿ ಹಾಕಲು ಒಪ್ಪದಿದ್ದರೆ ಹಾಗೆಂದೇ ಬರೆಯಿರಿ. ವಾರದ ನಂತರ ನೆನಪಿನಿಂದ ಬರೆದ ನಡವಳಿ ಪಾಟೀಸವಾಲಿನಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತದೆ.

ನೌಕರ ಬಾರದೇ ಇದ್ದರೆ? ನೋಟಿಸು ತಲುಪಿದ್ದಕ್ಕೆ ಪುರಾವೆ ನೋಡಿ, ಮತ್ತೊಂದು ದಿನ ಕೊಡಿ. ಆಗಲೂ ಕಾರಣವಿಲ್ಲದೆ ಬರದಿದ್ದರೆ ಏಕಪಕ್ಷೀಯವಾಗಿ ನಡೆಸಬಹುದು. ಆದರೆ ಸಾಕ್ಷಿಗಳನ್ನು ವಿಚಾರಿಸಲೇಬೇಕು. ಗೈರುಹಾಜರಿ ತಪ್ಪೊಪ್ಪಿಗೆ ಅಲ್ಲ.

ವರದಿಯಲ್ಲಿ ಒಂದೊಂದು ಆರೋಪಕ್ಕೂ ಸಾಕ್ಷ್ಯ ಏನು, ನೌಕರನ ಸಮರ್ಥನೆ ಏನು, ಯಾವುದನ್ನು ಯಾಕೆ ನಂಬಿದಿರಿ ಎಂದು ಬೇರೆ ಬೇರೆ ಬರೆಯಿರಿ. ಕ್ರಿಮಿನಲ್ ಕೇಸಿನಂತೆ ಸಂಶಯಕ್ಕೆ ಎಡೆಯೇ ಇಲ್ಲದ ಸಾಬೀತು ಇಲ್ಲಿ ಬೇಕಿಲ್ಲ. ಯಾವುದು ಹೆಚ್ಚು ಸಂಭವನೀಯ ಎಂದು ತೂಗಿದರೆ ಸಾಕು. ಹಾಗೆಂದು ಬರೀ ಅನುಮಾನದ ಮೇಲೆ ತೀರ್ಮಾನಿಸುವಂತಿಲ್ಲ. ಇಲ್ಲಿ ಇನ್ನೊಂದು ಬೀಗದ ಕೈ ಬೇರೆಯವರ ಬಳಿ ಇತ್ತು. ಹಾಗಾಗಿ ಕಳವಿನ ಆರೋಪ ಸಾಬೀತಾಗದೆ, ರಿಜಿಸ್ಟರ್ ಸರಿಯಾಗಿ ಇಡದ ಆರೋಪ ಮಾತ್ರ ಸಾಬೀತಾಗಬಹುದು.

ವರದಿಯ ಪ್ರತಿಯನ್ನು ತೀರ್ಮಾನಕ್ಕೆ ಮುಂಚೆ ನೌಕರನಿಗೆ ಕೊಟ್ಟು ಅಭಿಪ್ರಾಯ ಕೇಳಬೇಕು. ಸುಪ್ರೀಂ ಕೋರ್ಟಿನ 1993ರ ಕರುಣಾಕರ್ ಪ್ರಕರಣದಿಂದ ಇದು ಗಟ್ಟಿಯಾದ ನಿಯಮ. ‘ಸಾಬೀತಾಗಿಲ್ಲ’ ಎಂಬ ವರದಿಯನ್ನು ಶಿಕ್ಷೆ ವಿಧಿಸುವ ಶಿಸ್ತು ಪ್ರಾಧಿಕಾರ ಒಪ್ಪದಿದ್ದರೆ, ಒಪ್ಪದ ಕಾರಣಗಳನ್ನೂ ನೌಕರನಿಗೆ ಮೊದಲೇ ತಿಳಿಸಿ, ಅವರ ಮಾತು ಕೇಳಬೇಕು. ಕೊನೆಯ ಆದೇಶದಲ್ಲಿ ಅವರ ಉತ್ತರಕ್ಕೆ ಏನು ಸಮಾಧಾನ, ಈ ಶಿಕ್ಷೆ ಈ ತಪ್ಪಿಗೆ ಯಾಕೆ ಎಂದು ಬರೆಯಿರಿ. ಹಳೆಯ ತಪ್ಪುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಾದರೆ ಅದನ್ನು ಮುಂಚೆಯೇ ನೌಕರನಿಗೆ ತಿಳಿಸಿರಬೇಕು. ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂಬುದನ್ನೂ ಆದೇಶದಲ್ಲೇ ನಮೂದಿಸಿ.