ಸ್ಲೈಡ್ ಮೇಲಿನ ‘ಶೇ 95’ ಯಾವುದರ ಲೆಕ್ಕ?

ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಒಂದಲ್ಲ ಒಂದು ದಿನ ಈ ಸ್ಲೈಡ್ ಬಂದೇ ಬರುತ್ತದೆ. ನಡುವೆ ಒಂದು ಚುಕ್ಕಿ. ಅದರ ಎರಡೂ ಬದಿಗೆ ಚಾಚಿದ ಗೆರೆ. ಕೆಳಗೆ ಒಂದು ಸಾಲು: `mean = 72, 95% CI [67.9, 76.1], n = 36`. ಒಂದು ಪುಟವನ್ನು ಮನಸ್ಸಿನಲ್ಲೇ ಓದಲು 36 ಜನರಿಗೆ ಎಷ್ಟು ಸೆಕೆಂಡ್ ಬೇಕಾಯಿತು ಎಂದು ಅಳೆದು ಬಂದ ಲೆಕ್ಕ ಇದು ಎಂದುಕೊಳ್ಳೋಣ. CI ಅಂದರೆ ಕಾನ್ಫಿಡೆನ್ಸ್ ಇಂಟರ್ವಲ್, ಸ್ಯಾಂಪಲ್‌ನಿಂದ ಲೆಕ್ಕ ಹಾಕಿ ನಿಜವಾದ ಸರಾಸರಿಗೆ ಕೊಡುವ ಒಂದು ವ್ಯಾಪ್ತಿ.

ಇದರ ಅರ್ಥ ಏನು ಎಂದು ಕೇಳಿದರೆ ಬಹಳಷ್ಟು ವಿದ್ಯಾರ್ಥಿಗಳ ಉತ್ತರ ಹೀಗಿರುತ್ತದೆ: ‘ನಿಜವಾದ ಸರಾಸರಿ 67.9 ಮತ್ತು 76.1ರ ನಡುವೆ ಇರುವ ಸಾಧ್ಯತೆ ಶೇ 95.’ ಕೇಳಲು ಸರಿಯಾಗೇ ಇದೆ ಅಲ್ವಾ? ಆದರೆ ಸ್ಲೈಡ್ ಹೇಳುತ್ತಿರುವುದು ಅದನ್ನಲ್ಲ.

ಈ ತಪ್ಪು ವಿದ್ಯಾರ್ಥಿಗಳದ್ದು ಮಾತ್ರ ಅಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮನೋವಿಜ್ಞಾನದ ನೂರಾರು ವಿದ್ಯಾರ್ಥಿಗಳಿಗೂ 120 ಸಂಶೋಧಕರಿಗೂ ಕಾನ್ಫಿಡೆನ್ಸ್ ಇಂಟರ್ವಲ್ ಬಗ್ಗೆ ಆರು ಹೇಳಿಕೆ ಕೊಟ್ಟು, ಯಾವುದು ಸರಿ ಎಂದು ಕೇಳಲಾಗಿತ್ತು. ಆರೂ ತಪ್ಪು ಹೇಳಿಕೆಗಳೇ. ವಿದ್ಯಾರ್ಥಿಗಳು ಸರಾಸರಿ ಮೂರಕ್ಕಿಂತ ಜಾಸ್ತಿ ಹೇಳಿಕೆಗಳನ್ನು ಸರಿ ಎಂದರು. ಸಂಶೋಧಕರೂ ಹೆಚ್ಚುಕಡಿಮೆ ಅಷ್ಟೇ ಸಲ ಎಡವಿದರು.

ಮೊದಲು, ಗೆರೆ ಯಾವುದು ಎಂದು ನೋಡಿ

ಚುಕ್ಕಿಯ ಅಕ್ಕಪಕ್ಕದ ಗೆರೆಗಳೆಲ್ಲ ಕಾನ್ಫಿಡೆನ್ಸ್ ಇಂಟರ್ವಲ್ ಅಲ್ಲ. ಕೆಲವರು ಸ್ಟ್ಯಾಂಡರ್ಡ್ ಡೀವಿಯೇಷನ್ ಹಾಕಿರುತ್ತಾರೆ, ಕೆಲವರು ಸ್ಟ್ಯಾಂಡರ್ಡ್ ಎರರ್. ಮೊದಲನೆಯದು ಒಬ್ಬೊಬ್ಬರ ಸಮಯ ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಅಳತೆ, ಎರಡನೆಯದು ಸ್ಯಾಂಪಲ್ ಬದಲಾದಂತೆ ಸರಾಸರಿಯೇ ಎಷ್ಟು ಅಲುಗಾಡುತ್ತದೆ ಎಂಬ ಅಳತೆ. ನಮ್ಮ ಉದಾಹರಣೆಯಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ 12 ಸೆಕೆಂಡ್. ಅದನ್ನು 36ರ ವರ್ಗಮೂಲವಾದ 6ರಿಂದ ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್ 2 ಸೆಕೆಂಡ್. ಅದಕ್ಕೆ 2.03 ಗುಣಿಸಿದರೆ ಸುಮಾರು 4.1. ಈ 2.03 ಎಂಬುದು 36 ಜನರ ಸ್ಯಾಂಪಲ್‌ಗೆ ಟಿ-ಕೋಷ್ಟಕದಲ್ಲಿ ಸಿಗುವ ಸಂಖ್ಯೆ. 72ರಿಂದ 4.1 ಕಳೆದು, ಕೂಡಿದರೆ ಸ್ಲೈಡ್‌ನ 67.9 ಮತ್ತು 76.1 ಬರುತ್ತವೆ. ಅದೇ ಚುಕ್ಕಿಗೆ 12ರ ಗೆರೆ, 2ರ ಗೆರೆ, 4.1ರ ಗೆರೆ, ಮೂರನ್ನೂ ಹಾಕಬಹುದು. ಯಾವುದೆಂದು ಸ್ಲೈಡ್‌ನಲ್ಲಿ ಬರೆದಿರದಿದ್ದರೆ ಮುಂದಕ್ಕೆ ಹೋಗಬೇಡಿ, ಕೇಳಿ.

ಶೇ 95 ಬಂದದ್ದು ಎಲ್ಲಿಂದ?

ಈ ಲೆಕ್ಕದಲ್ಲಿ ಅಲುಗಾಡುವುದು ಯಾವುದು, ಅಲುಗಾಡದೆ ನಿಂತಿರುವುದು ಯಾವುದು ಎಂದು ಬೇರ್ಪಡಿಸಿಕೊಳ್ಳಿ. ಇಡೀ ಜನಸಮೂಹದ ನಿಜವಾದ ಸರಾಸರಿ ಒಂದೇ ಜಾಗದಲ್ಲಿ ನಿಂತಿದೆ. ಅದು ನಮಗೆ ಗೊತ್ತಿಲ್ಲ, ಅಷ್ಟೇ. ಬದಲಾಗುವುದು ಸ್ಯಾಂಪಲ್. ಬೇರೆ 36 ಜನ ಸಿಕ್ಕಿದ್ದರೆ ಸರಾಸರಿ ಬೇರೆ, ಸ್ಟ್ಯಾಂಡರ್ಡ್ ಡೀವಿಯೇಷನ್ ಬೇರೆ, ಹಾಗಾಗಿ ಇಂಟರ್ವಲ್ ಕೂಡ ಬೇರೆ. ಇದೇ ವಿಧಾನವನ್ನು ಮತ್ತೆ ಮತ್ತೆ ಹೊಸ ಸ್ಯಾಂಪಲ್ ಮೇಲೆ ನಡೆಸಿದರೆ, ಹುಟ್ಟುವ ಇಂಟರ್ವಲ್‌ಗಳಲ್ಲಿ ಶೇ 95ರಷ್ಟು ನಿಜವಾದ ಸರಾಸರಿಯನ್ನು ಒಳಗೊಂಡಿರುತ್ತವೆ. ಸ್ಲೈಡ್‌ನ ಮಾತು ಇಷ್ಟೇ. ಶೇ 95 ವಿಧಾನದ ಗುಣ. ನಿಮ್ಮ ಮುಂದಿರುವ ಈ ಒಂದು ಇಂಟರ್ವಲ್‌ನದ್ದಲ್ಲ.

ಪೋಲಿಷ್ ಮೂಲದ ಸಂಖ್ಯಾಶಾಸ್ತ್ರಜ್ಞ ಯೆರ್ಜಿ ನೇಮನ್ 1937ರಲ್ಲಿ ಈ ಸಿದ್ಧಾಂತವನ್ನು ವಿವರವಾಗಿ ಮುಂದಿಟ್ಟಾಗಲೇ ಇದನ್ನು ಸ್ಪಷ್ಟಪಡಿಸಿದ್ದರು. ಲೆಕ್ಕ ಮುಗಿದು ಎರಡು ಸಂಖ್ಯೆ ಕೈಗೆ ಬಂದ ಮೇಲೆ, ನಿಜವಾದ ಬೆಲೆ ಅವುಗಳ ನಡುವೆ ಇದೆ ಅಥವಾ ಇಲ್ಲ. ಅವರ ಸಿದ್ಧಾಂತದಲ್ಲಿ ಮಧ್ಯದ ಸಾಧ್ಯತೆ ಎಂಬುದೇ ಇಲ್ಲ.

‘ವಿಧಾನ ನೂರಕ್ಕೆ 95 ಸಲ ಸರಿ ಅಂದರೆ, ಈ ಸಲವೂ ಸರಿಯಾಗಿರುವ ಸಾಧ್ಯತೆ ಶೇ 95 ತಾನೇ?’ ಎಂದು ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಸುಮ್ನೆ ‘ಹಾಗಲ್ಲ’ ಎಂದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಅದಕ್ಕೊಂದು ಕೋಲು ಬೇಕು.

ಒಂದು ಮೀಟರ್ ಉದ್ದದ ಕೋಲು ಪರದೆಯ ಹಿಂದೆ ಇದೆ. ಅದರ ನಡುಭಾಗ ಎಲ್ಲಿದೆ ಎಂದು ನೀವು ಹೇಳಬೇಕು. ಕೋಲಿನ ಮೇಲೆ ಮನಬಂದಲ್ಲಿ ಎರಡು ಚುಕ್ಕಿ ಇಡಲಾಗಿದೆ. ನಿಮಗೆ ಕಾಣುವುದು ಆ ಚುಕ್ಕಿಗಳು ಮಾತ್ರ, ಕೋಲಿನ ತುದಿಗಳು ಕಾಣುವುದಿಲ್ಲ. ನಿಮ್ಮ ನಿಯಮ ಇದು: ‘ನಡುಭಾಗ ಈ ಎರಡು ಚುಕ್ಕಿಗಳ ಮಧ್ಯೆ ಇದೆ.’ ಇದು ಎಷ್ಟು ಸಲ ಸರಿಯಾಗುತ್ತದೆ? ಮೊದಲ ಚುಕ್ಕಿ ಯಾವ ಅರ್ಧದಲ್ಲೇ ಬೀಳಲಿ, ಎರಡನೆಯದು ಇನ್ನೊಂದು ಅರ್ಧದಲ್ಲಿ ಬೀಳುವುದು ಅರ್ಧದಷ್ಟು ಸಲ. ಹಾಗಾಗಿ ನಿಮ್ಮ ನಿಯಮ ಶೇ 50ರ ಕಾನ್ಫಿಡೆನ್ಸ್ ಇಂಟರ್ವಲ್ ಕೊಡುತ್ತದೆ. ಇದರಲ್ಲಿ ಯಾವ ಮೋಸವೂ ಇಲ್ಲ.

ಈಗ ಚುಕ್ಕಿಗಳ ನಡುವೆ 60 ಸೆಂಟಿಮೀಟರ್ ಅಂತರ ಬಂತು ಎನ್ನಿ. ಅರ್ಧ ಕೋಲು ಇರುವುದೇ 50 ಸೆಂಟಿಮೀಟರ್. ಅಂದ ಮೇಲೆ ಎರಡೂ ಒಂದೇ ಅರ್ಧದಲ್ಲಿ ಇರಲು ಆಗುವುದೇ ಇಲ್ಲ. ನಡುಭಾಗ ಖಂಡಿತವಾಗಿ ಅವುಗಳ ಮಧ್ಯೆ ಇದೆ. ಆದರೂ ಹಣೆಪಟ್ಟಿಯ ಮೇಲೆ ಶೇ 50 ಎಂದೇ ಇರುತ್ತದೆ! ಇನ್ನೊಂದು ಸಲ ಅಂತರ ಒಂದೇ ಸೆಂಟಿಮೀಟರ್ ಬಂತು. ಅಷ್ಟು ಹತ್ತಿರದ ಜೋಡಿಗಳಲ್ಲಿ ನಡುಭಾಗ ಒಳಗೆ ಸಿಗುವುದು ಸುಮಾರು ನೂರಕ್ಕೆ ಒಂದು ಸಲ. ಹಣೆಪಟ್ಟಿ ಆಗಲೂ ಶೇ 50.

ವಿಧಾನದ ಶೇಕಡಾವಾರು ಒಂದೇ ಆಗಿದ್ದರೂ ಕೈಯಲ್ಲಿರುವ ಇಂಟರ್ವಲ್‌ನ ಕಥೆ ಬೇರೆ ಇರಬಹುದು ಎಂಬುದಕ್ಕೆ ಇದು ಸಾಕು. ಓದುವ ವೇಗದ ಸ್ಲೈಡ್‌ನಲ್ಲಿ ವ್ಯತ್ಯಾಸ ಇಷ್ಟು ಢಾಳಾಗಿ ಕಾಣುವುದಿಲ್ಲ, ನಿಜ. ಅಲ್ಲಿ ಬೇರೊಂದು ದಾರಿಯೂ ಇದೆ. ಡೇಟಾ ನೋಡುವ ಮೊದಲೇ ‘ಸರಾಸರಿ ಎಲ್ಲಿರಬಹುದು’ ಎಂಬ ಊಹೆಯನ್ನು ಲೆಕ್ಕಕ್ಕೆ ಸೇರಿಸುವುದು ಬೇಯ್ಸಿಯನ್ ವಿಧಾನ. ಅದರಲ್ಲಿ ‘ಇದರೊಳಗೆ ಇರುವ ಸಾಧ್ಯತೆ ಶೇ 95’ ಎಂದು ಧಾರಾಳವಾಗಿ ಹೇಳಬಹುದು. ಯಾವ ಬೆಲೆಗೂ ಒಲವಿಲ್ಲದ ಊಹೆ ಇಟ್ಟುಕೊಂಡರೆ ಇಂಥ ಸರಳ ಲೆಕ್ಕಗಳಲ್ಲಿ ಎರಡೂ ವಿಧಾನ ಕೊಡುವ ಸಂಖ್ಯೆಗಳು ಒಂದೇ. ತಪ್ಪು ಓದು ಇಷ್ಟು ವರ್ಷ ಸಿಕ್ಕಿಬೀಳದೆ ಬದುಕಿರಲು ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ನೀವೇ ನಡೆಸಿ ನೋಡಿ

ಆರ್ ಭಾಷೆ ಇರುವ ಕಂಪ್ಯೂಟರ್ ಸಿಕ್ಕರೆ ಈ ಸಾಲುಗಳನ್ನು ಹಾಕಿ. ನಿಜವಾದ ಸರಾಸರಿ 75 ಎಂದು ನಾವೇ ನಿಗದಿ ಮಾಡಿ, 10,000 ಸಲ ಹೊಸ 36 ಜನರನ್ನು ತೆಗೆದು, ಪ್ರತಿ ಸಲವೂ 75 ಒಳಗೆ ಬಿತ್ತಾ ಎಂದು ಎಣಿಸುತ್ತೇವೆ.

```r
hit <- replicate(10000, {
  x <- rnorm(36, mean = 75, sd = 12)
  ci <- t.test(x)$conf.int
  ci[1] <= 75 && 75 <= ci[2]
})
mean(hit)
```

ಉತ್ತರ 0.95ರ ಆಸುಪಾಸಿನಲ್ಲಿ ಬರುತ್ತದೆ. `hit` ಒಳಗೆ ಇಣುಕಿದರೆ ಬರೀ TRUE ಮತ್ತು FALSE ಇರುತ್ತವೆ. ಯಾವ ಇಂಟರ್ವಲ್‌ನ ಮುಂದೆಯೂ 0.95 ಎಂದು ಇರುವುದಿಲ್ಲ. ಆ ಸಂಖ್ಯೆ ಹುಟ್ಟುವುದು ಎಲ್ಲವನ್ನೂ ಒಟ್ಟು ಸೇರಿಸಿದ ಕೊನೆಯ ಸಾಲಿನಲ್ಲಿ ಮಾತ್ರ.

ಇನ್ನೆರಡು ಎಡವಟ್ಟುಗಳು

‘ಶೇ 95 ಜನ 67.9ರಿಂದ 76.1 ಸೆಕೆಂಡ್ ಒಳಗೆ ಓದಿ ಮುಗಿಸುತ್ತಾರೆ’ ಎನ್ನುವವರೂ ಇದ್ದಾರೆ. ಇದನ್ನು ಹಿಡಿಯುವುದು ಸುಲಭ. ಸ್ಟ್ಯಾಂಡರ್ಡ್ ಡೀವಿಯೇಷನ್ 12 ಇರುವಾಗ, ಗಂಟೆಯಾಕಾರದ ಹಂಚಿಕೆಯಲ್ಲಿ ಶೇ 95 ಜನ ಇರುವುದು ಸುಮಾರು 48ರಿಂದ 96ರ ನಡುವೆ. ನಮ್ಮ ಚಿಕ್ಕ ಇಂಟರ್ವಲ್ ಒಳಗೆ ಇರುವವರು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇಂಟರ್ವಲ್ ಸರಾಸರಿಯ ಬಗ್ಗೆ, ಜನರ ಬಗ್ಗೆ ಅಲ್ಲ. 36ರ ಬದಲು 3,600 ಜನರನ್ನು ಅಳೆದರೆ ಇಂಟರ್ವಲ್ ಹತ್ತನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಜನರು ಓದುವ ವೇಗಗಳ ನಡುವಿನ ವ್ಯತ್ಯಾಸ ಇದ್ದಷ್ಟೇ ಇರುತ್ತದೆ.

ಎರಡನೆಯದು ಇನ್ನೂ ನಯವಾದದ್ದು. ಸ್ಲೈಡ್‌ನಲ್ಲಿ ಎರಡು ಗುಂಪು ಇವೆ. ಒಂದರ ಸರಾಸರಿ 72, ಇನ್ನೊಂದರದ್ದು 78. ಎರಡರಲ್ಲೂ 36 ಜನ, ಸ್ಟ್ಯಾಂಡರ್ಡ್ ಎರರ್ 2. ಇಂಟರ್ವಲ್‌ಗಳು 67.9ರಿಂದ 76.1 ಮತ್ತು 73.9ರಿಂದ 82.1. ‘ಒಂದರ ಮೇಲೊಂದು ಬರುತ್ತಿವೆ, ಹಾಗಾಗಿ ವ್ಯತ್ಯಾಸ ಇದೆ ಎನ್ನಲು ಆಗಲ್ಲ’ ಎಂದು ಕೂಡಲೇ ತೀರ್ಪು ಬರುತ್ತದೆ. ಲೆಕ್ಕ ಮಾಡೋಣ. ವ್ಯತ್ಯಾಸ 6 ಸೆಕೆಂಡ್. ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ 2 ಕೂಡಿಸು 2 ಅಲ್ಲ. ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು: `sqrt(4 + 4)`, ಅಂದರೆ 2.83. ಇದಕ್ಕೆ ಟಿ-ಸಂಖ್ಯೆ 1.99 ಗುಣಿಸಿದರೆ ಸುಮಾರು 5.6. ವ್ಯತ್ಯಾಸದ ಶೇ 95 ಇಂಟರ್ವಲ್ ಹೆಚ್ಚುಕಡಿಮೆ 0.4ರಿಂದ 11.6. ಸೊನ್ನೆ ಅದರ ಹೊರಗಿದೆ. ಗೆರೆಗಳು ಒಂದನ್ನೊಂದು ದಾಟಿದರೂ ಶೇ 5ರ ಮಟ್ಟದಲ್ಲಿ ವ್ಯತ್ಯಾಸ ಕಾಣುತ್ತಿದೆ. ಕಣ್ಣಿನ ತೀರ್ಪು ಇಲ್ಲಿ ಎರಡು ಅನಿಶ್ಚಿತತೆಗಳನ್ನು ಪೂರ್ತಿಯಾಗಿ ಕೂಡಿಸಿಬಿಡುತ್ತದೆ, ಅದೇ ಸಮಸ್ಯೆ. ಗೆರೆಗಳು ಒಂದಕ್ಕೊಂದು ತಾಗದಷ್ಟು ದೂರ ಇದ್ದರೆ ಇಂಥ ಎರಡು ಬೇರೆ ಬೇರೆ ಗುಂಪುಗಳಲ್ಲಿ ವ್ಯತ್ಯಾಸ ಇದೆ ಎನ್ನಬಹುದು. ತಾಗಿದರೆ ಏನೂ ಹೇಳದೆ ವ್ಯತ್ಯಾಸದ ಇಂಟರ್ವಲ್ ಕೇಳಿ. ಒಬ್ಬರನ್ನೇ ಎರಡು ಸಲ ಅಳೆದ ಡೇಟಾ ಆದರೆ ಈ ಎರಡು ಗೆರೆಗಳಿಂದ ಲೆಕ್ಕ ಮಾಡಲೂ ಆಗುವುದಿಲ್ಲ. ಪ್ರತಿಯೊಬ್ಬರ ವ್ಯತ್ಯಾಸ ತೆಗೆದು ಅದರ ಸರಾಸರಿಗೆ ಇಂಟರ್ವಲ್ ಹಾಕಬೇಕು.

ಇಂಟರ್ವಲ್‌ಗೆ ಕಾಣದ್ದು

4.1 ಸೆಕೆಂಡ್‌ನ ಆ ಅಂಚಿನಲ್ಲಿ ಇರುವುದು ಒಂದೇ ಬಗೆಯ ತಪ್ಪು. ಯಾರು ಸ್ಯಾಂಪಲ್‌ಗೆ ಬಂದರು ಎಂಬ ಅದೃಷ್ಟದ ಏರುಪೇರು. ಸ್ಟಾಪ್‌ವಾಚ್ ಪ್ರತಿ ಸಲ 3 ಸೆಕೆಂಡ್ ಜಾಸ್ತಿ ತೋರಿಸುತ್ತಿದ್ದರೆ ಇಂಟರ್ವಲ್ ಒಂದಿಷ್ಟೂ ಅಗಲ ಆಗುವುದಿಲ್ಲ. ಇಡಿಯಾಗಿ ಪಕ್ಕಕ್ಕೆ ಜರುಗುತ್ತದೆ, ನೋಟಕ್ಕೆ ಮೊದಲಿನಷ್ಟೇ ಅಚ್ಚುಕಟ್ಟು. ಓದಲು ಇಷ್ಟಪಡುವವರೇ ಪರೀಕ್ಷೆಗೆ ಬಂದಿದ್ದರೂ ಅಷ್ಟೇ. ಸ್ಯಾಂಪಲ್ ದೊಡ್ಡದು ಮಾಡಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ: ತಪ್ಪು ಜಾಗದ ಸುತ್ತ ಇನ್ನೂ ಕಿರಿದಾದ ಗೆರೆ ಸಿಗುತ್ತದೆ.

ನೀವೇ ಸ್ಲೈಡ್ ಮಾಡುವಾಗ ಅಡಿಬರಹ ಹೀಗಿರಲಿ: ‘ಸರಾಸರಿ ಓದುವ ಸಮಯ 72 ಸೆಕೆಂಡ್. ಗೆರೆ ಶೇ 95 ಕಾನ್ಫಿಡೆನ್ಸ್ ಇಂಟರ್ವಲ್, ಟಿ-ವಿಧಾನ, 36 ಜನ, ಸ್ಟ್ಯಾಂಡರ್ಡ್ ಡೀವಿಯೇಷನ್ 12.’ ಪಕ್ಕದಲ್ಲಿ ಆ 36 ಜನರನ್ನು ಹೇಗೆ ಆರಿಸಿದಿರಿ ಎಂದು ಒಂದು ಸಾಲು ಬರೆಯಿರಿ.