ಡಿಫೆಕ್ಟಿವ್‌ನೆಸ್ ಸ್ಕೀಮಾ: ಎಲ್ಲರೂ ಬೇಡ ಅಂದ ದಾರಿಯಲ್ಲೇ ಕೆಲಸ ಆಯಿತು

ಈ ಕೇಸಿಗೆ ಸ್ಕೀಮಾ ಥೆರಪಿ, ಅಂದರೆ ಚಿಕ್ಕಂದಿನಿಂದ ಬೇರೂರಿದ ನಂಬಿಕೆಗಳ ಮೇಲೆ ಕೆಲಸ ಮಾಡುವ ಚಿಕಿತ್ಸೆ, ಬೇಡ, ಸುಮ್ನೆ ವರ್ಷಗಟ್ಟಲೆ ಎಳೆಯುತ್ತೆ ಅಂತ ನನ್ನ ಜೊತೆ ಕೆಲಸ ಮಾಡುವವರೇ ಹೇಳಿದ್ದರು. ಹೆಚ್ಚುಕಮ್ಮಿ ಒಂದೂವರೆ ವರ್ಷ ಹಿಡಿಯಿತು, ಆದರೆ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ. ಆ ನಂಬಿಕೆಗಳೇ ಸ್ಕೀಮಾ; ‘ನನ್ನಲ್ಲೇ ಏನೋ ಕೊರತೆ ಇದೆ’ ಅನ್ನುವುದು ಡಿಫೆಕ್ಟಿವ್‌ನೆಸ್ ಸ್ಕೀಮಾ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮೂವತ್ತರ ಆಸುಪಾಸಿನ ಹೆಂಗಸು. ಕೆಲಸದಲ್ಲಿ ಒಳ್ಳೆಯ ಹೆಸರು. ಯಾರಾದರೂ ತುಂಬಾ ಹತ್ತಿರವಾದರೆ ಸಾಕು, ತಾನೇ ಜಗಳ ತೆಗೆದು ದೂರವಾಗುತ್ತಿದ್ದರು. ಮುಂಚೆ ಬೇರೆ ಕಡೆ ಯೋಚನೆಗಳನ್ನು ತಿದ್ದುವ ಥೆರಪಿಯಾದ ಸಿಬಿಟಿ ಮಾಡಿಸಿದ್ದರು. ಅಲ್ಲಿ ಯೋಚನೆ ಬರೆದಿಡಲು ಕೊಟ್ಟ ಥಾಟ್ ರೆಕಾರ್ಡ್‌ಗಳನ್ನು ಅಚ್ಚುಕಟ್ಟಾಗಿ ತುಂಬಿಸಿ ತಂದು ತೋರಿಸಿದರು. “ತಲೆಗೆ ಎಲ್ಲಾ ಗೊತ್ತು ಮೇಡಂ, ಒಳಗೆ ಇಳಿಯಲ್ಲ” ಅಂದರು.

ವೈಎಸ್‌ಕ್ಯೂ ಅನ್ನುವ ಸ್ಕೀಮಾ ಪ್ರಶ್ನಾವಳಿಯ ಚಿಕ್ಕ ಫಾರಂ ಕೊಟ್ಟೆ. 18 ಸ್ಕೀಮಾ, ಒಂದೊಂದಕ್ಕೆ 5 ಪ್ರಶ್ನೆ, 1ರಿಂದ 6ರ ಅಳತೆ, 6 ಅಂದರೆ ಪೂರ್ತಿ ನಿಜ. ಬಹುತೇಕ ಎಲ್ಲಕ್ಕೂ 2 ಹಾಕಿದ್ದರು. ಇದನ್ನು ನೋಡಿ ‘ಸ್ಕೀಮಾ ಇಲ್ಲ’ ಅಂತ ಬಿಟ್ಟವರನ್ನು ನೋಡಿದ್ದೇನೆ. ಅಮ್ಮ ತೀರಿಕೊಂಡದ್ದನ್ನೂ ಬಸ್ಸು ತಡವಾದದ್ದನ್ನೂ ಒಂದೇ ದನಿಯಲ್ಲಿ ಹೇಳುವವರ ಫಾರಂ ತುಂಬಿಸುವುದು ಡಿಟ್ಯಾಚ್ಡ್ ಪ್ರೊಟೆಕ್ಟರ್, ನೋವು ತಾಗದಂತೆ ಭಾವನೆಗಳನ್ನು ದೂರ ಇಡುವ ಒಳಗಿನ ಕಾವಲುಗಾರ. ಕೆಲವು ತಿಂಗಳ ನಂತರ ಅದೇ ಫಾರಂ ಮತ್ತೆ ಕೊಟ್ಟಾಗ ಡಿಫೆಕ್ಟಿವ್‌ನೆಸ್‌ನ ಐದಕ್ಕೂ 5, 6 ಬಂತು. ಅಬಾಂಡನ್‌ಮೆಂಟ್ ಕೂಡ, ಅಂದರೆ ಹತ್ತಿರದವರು ಬಿಟ್ಟು ಹೋಗುತ್ತಾರೆ ಅನ್ನುವ ಭಯವೂ, ಜಾಸ್ತಿಯೇ ಇತ್ತು.

ಎರಡೂ ಮೇಲಿದ್ದಾಗ ಯಾವುದರಿಂದ ಶುರು ಮಾಡುವುದು? ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಹತ್ತಿರದವರು ಯಾಕೆ ಬಿಟ್ಟು ಹೋಗುತ್ತಾರೆ? “ಯಾರೂ ಕೊನೆತನಕ ಇರಲ್ಲ” ಅಂದರೆ ಅಬಾಂಡನ್‌ಮೆಂಟ್ ಬುಡದಲ್ಲಿದೆ. ಇವರು ಅಂದದ್ದು, “ನಾನು ಹೇಗೆ ಅಂತ ಗೊತ್ತಾದ ಮೇಲೆ ಯಾರು ಇರ್ತಾರೆ?” ಅಲ್ಲಿಗೆ ಡಿಫೆಕ್ಟಿವ್‌ನೆಸ್ ಮೊದಲು ಅಂತ ತೀರ್ಮಾನವಾಯಿತು. ಮೊದಲನೆಯವರಿಗೆ ಥೆರಪಿಸ್ಟ್ ಅಲುಗದೆ ಇರುವುದೇ ಮುಖ್ಯ. ಎರಡನೆಯವರಿಗೆ ಅಷ್ಟು ಸಾಲದು. ಬಚ್ಚಿಟ್ಟದ್ದು ಹೊರಗೆ ಬರಬೇಕು, ಅದನ್ನು ಕಂಡವರ ಮುಖದಲ್ಲಿ ಅಸಹ್ಯ ಇರಬಾರದು.

ಒಳಗಿನ ಒಂದೊಂದು ದನಿಯನ್ನು ಒಂದೊಂದು ಕುರ್ಚಿಯಲ್ಲಿ ಕೂರಿಸಿ ಮಾತಾಡಿಸುವ ಚೇರ್ ವರ್ಕ್‌ನಿಂದ ಶುರು ಮಾಡಿದೆವು, ನಡೆಯಲಿಲ್ಲ. ತನ್ನನ್ನೇ ಶಿಕ್ಷಿಸುವ ದನಿಯಾದ ಪ್ಯುನಿಟಿವ್ ಪೇರೆಂಟ್ ಕುರ್ಚಿಯಲ್ಲಿ ಕೂತು ನಿರರ್ಗಳವಾಗಿ ಬೈದರು. ಮಗುವಿನ ಕುರ್ಚಿಗೆ ಬಂದರೆ ಮಾತೇ ಇಲ್ಲ. ವೀಡಿಯೊ ಸೆಷನ್‌ನಲ್ಲಿ ಕುರ್ಚಿ ಬದಲು ದಿಂಬು ಇಟ್ಟು ನೋಡಿದೆ, ಅದೂ ಪೇಲವ. ಪ್ರೊಟೆಕ್ಟರ್‌ನನ್ನು ಒಂದು ಕುರ್ಚಿಯಲ್ಲಿ ಕೂರಿಸಿ, “ನೀನು ಇವಳನ್ನು ಎಷ್ಟು ವರ್ಷದಿಂದ ಕಾಯ್ತಿದ್ದೀಯ?” ಅಂತ ಗೌರವದಿಂದ ಮಾತಾಡಿಸಿದ ಮೇಲೆ ದಾರಿ ಬಿಟ್ಟಿತು.  

ಆಮೇಲೆ ಇಮೇಜರಿ, ಅಂದರೆ ಮನಸ್ಸಿನಲ್ಲೇ ಹಳೆಯ ದೃಶ್ಯಕ್ಕೆ ಹೋಗುವುದು. ಆ ವಾರ ಗೆಳೆಯ ಮೆಸೇಜಿಗೆ ಉತ್ತರ ಕೊಡದ ಗಳಿಗೆಯನ್ನು ಹಿಡಿದು, ಮೈಯಲ್ಲಿ ಎದ್ದ ಭಾವನೆಯನ್ನು ಮಾತ್ರ ಉಳಿಸಿಕೊಂಡು ಹಿಂದಕ್ಕೆ ಹೋಗಲು ಹೇಳಿದೆ. ಏಳು ವರ್ಷದ ಹುಡುಗಿ. ಹಾಸಿಗೆ ಒದ್ದೆಯಾಗಿದೆ. ಅಪ್ಪ ಆ ಬೆಡ್‌ಶೀಟನ್ನು ಬಂದ ನೆಂಟರಿಗೆ ಎತ್ತಿ ತೋರಿಸುತ್ತಿದ್ದಾರೆ. ಇವರ ಹೆಲ್ತಿ ಅಡಲ್ಟ್, ಅಂದರೆ ಆ ಮಗುವನ್ನು ಕಾಯಬಲ್ಲ ದೊಡ್ಡವರ ಭಾಗ, ಆಗ ಇನ್ನೂ ಬಲಿತಿರಲಿಲ್ಲ, ಹಾಗಾಗಿ ನಾನೇ ಒಳಗೆ ಬರಲಾ ಅಂತ ಕೇಳಿ ಬಂದೆ. ಅಪ್ಪನನ್ನು ತಡೆದೆ. ಹುಡುಗಿ ಇನ್ನೂ ಮುದುಡಿದಳು: “ನೀವು ಹೋದ ಮೇಲೆ ನನಗೆ ಬೀಳುತ್ತೆ.” ಹಳೆಯ ದೃಶ್ಯವನ್ನು ಹೀಗೆ ಬದಲಿಸುವ ರೀಸ್ಕ್ರಿಪ್ಟಿಂಗ್ ಇಲ್ಲೇ ಕೆಡುವುದು. ದೊಡ್ಡವರ ಬಾಯಿ ಮುಚ್ಚಿಸಿದರೆ ಸಾಲದು, ನಾವು ಹೋದ ಮೇಲೆ ಏನು ಅನ್ನುವುದಕ್ಕೂ ಉತ್ತರ ಬೇಕು. ಅವಳನ್ನು ಆ ಮನೆಯಿಂದಲೇ ಕರೆದುಕೊಂಡು ಬಂದೆವು. ಈಗ ಏನು ಬೇಕು ಅಂದೆ. “ಒಣಗಿದ ಬಟ್ಟೆ.” ಕೊಟ್ಟೆವು. ಆ ದಿನ ಮೊದಲ ಸಲ ಅತ್ತರು.

ಆಮೇಲಿನ ಸೆಷನ್‌ನಲ್ಲೇ ದುಡ್ಡಿನ ಮಾತು ಬಂತು. “ಫೀಸ್ ಕೊಡ್ತೀನಿ ಅಂತ ತಾನೇ ಚೆನ್ನಾಗಿ ಮಾತಾಡೋದು?” ಇದು ಸ್ಕೀಮಾದ ಮಾತೇ, ಆದರೆ ಹಾಗಂತ ತಳ್ಳಿಹಾಕಲಿಲ್ಲ. ಫೀಸು ನನ್ನ ಸಮಯಕ್ಕೆ, ನಿಮ್ಮ ಮೇಲಿನ ಕಾಳಜಿಗೆ ಬೆಲೆ ಕಟ್ಟಿಲ್ಲ ಅಂದೆ. ಅದು ನಿಜವೂ ಹೌದು: ಗಂಟೆ ಮೀರುವ ಸೆಷನ್, ವಾರಕ್ಕೆರಡು ಭೇಟಿ, ನನ್ನ ಸೂಪರ್‌ವಿಷನ್ ಖರ್ಚು ಎಲ್ಲ ಕಳೆದರೆ ಆ ಕೇಸಿನಲ್ಲಿ ಫೀಸಿನ ಅರ್ಧ ಉಳಿದಿದ್ದರೆ ಹೆಚ್ಚು. ಇನ್ನೊಂದು ಮಾತು, ಎಲ್ಲ ಕೇಸಿಗೂ ಈ ದಾರಿ ಅಲ್ಲ: ಕುಡಿತ ಕೈಮೀರಿರುವಾಗ ಅಥವಾ ಮನೆಯಲ್ಲಿ ಇನ್ನೂ ಹೊಡೆತ ನಡೆಯುತ್ತಿರುವಾಗ ನಾನು ಇಮೇಜರಿಗೆ ಕೈ ಹಾಕುವುದಿಲ್ಲ. ಮೊದಲು ಅದು ನಿಲ್ಲಬೇಕು.

ಫ್ಲ್ಯಾಶ್‌ಕಾರ್ಡ್ ಮೇಲೆ ಧೈರ್ಯದ ಮಾತು ಬರೆದುಕೊಟ್ಟರೆ ಅದು ಪರ್ಸಿನಲ್ಲೇ ಉಳಿಯುತ್ತಿತ್ತು. ಅದನ್ನೇ ನನ್ನ ದನಿಯಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿಕೊಟ್ಟೆ, ರಾತ್ರಿ ಕೇಳಿದರು. ಬೇರೆ ಕೆಲವರಲ್ಲೂ ನೋಡಿದೆ, ಡಿಫೆಕ್ಟಿವ್‌ನೆಸ್ ಇರುವವರಿಗೆ ಇದು ಚೆನ್ನಾಗಿ ಹಿಡಿಯುತ್ತೆ.

ಆ ಒಂದೂವರೆ ವರ್ಷದ ಹೊತ್ತಿಗೆ ಡಿಫೆಕ್ಟಿವ್‌ನೆಸ್ ಸರಾಸರಿ ಐದರ ಮೇಲಿಂದ ಎರಡೂವರೆ, ಮೂರಕ್ಕೆ ಇಳಿದಿತ್ತು. ಬೆಡ್‌ಶೀಟಿನ ಕಥೆಯನ್ನು ಗೆಳೆಯನಿಗೆ ತಾವೇ ಹೇಳಿದರು. ಅಬಾಂಡನ್‌ಮೆಂಟ್ ಅಷ್ಟು ಇಳಿದಿಲ್ಲ. ನಾನು ರಜೆ ಹಾಕಿದರೆ ಈಗಲೂ ಸೆಷನ್ ರದ್ದು ಮಾಡುವ ಮನಸ್ಸಾಗುತ್ತೆ ಅವರಿಗೆ. ಅದಕ್ಕೆ ರಜೆಯನ್ನು ತಿಂಗಳು ಮೊದಲೇ ಹೇಳಿ, ವಾಪಸ್ ಬರುವ ದಿನದ ಅಪಾಯಿಂಟ್‌ಮೆಂಟನ್ನು ಆಗಲೇ ಬರೆದುಕೊಡುತ್ತೇನೆ.